ತಡಿಕೆಯಾಚೆಗಿನ ಪದ್ಯಪಾಠ

ಚಿಂತೆ ಮಾಡುವುದರಲ್ಲಿ ನನಗೆ ಚಿಕ್ಕಂದಿನಿಂದಲೂ ಒಳ್ಳೆಯ ಅಭ್ಯಾಸವಿದೆ. ರೈಲು ತಪ್ಪೀತೆಂದು ಗಂಟೆಗಟ್ಟಲೆ ಮುಂಚೆ ಹೋಗಿ ಕೂರುವವನು, ಬಂದ ರೈಲು ಅದೇ ಹೌದೋ ಅಲ್ಲವೋ ಎಂದು ಹತ್ತಿದ ಮೇಲೂ ಪಕ್ಕದವರನ್ನು ಕೇಳುವವನು. ಈಗ ನಡುವಯಸ್ಸು ದಾಟುತ್ತಿರುವಾಗ ಹಿಂತಿರುಗಿ ನೋಡಿದರೆ, ನಾನು ಪಟ್ಟ ಚಿಂತೆಗಳಲ್ಲಿ ಬಹುಪಾಲು ದಂಡವೇ ಆಯಿತು. ಅವುಗಳಲ್ಲಿ ಅತಿ ದೊಡ್ಡ ದಂಡದ ಕಥೆ ಇದು. ಇದನ್ನು ಹೇಳುವಾಗ ಮಾತ್ರ ನನಗೆ ಸ್ವಲ್ಪವೂ ನಾಚಿಕೆಯಾಗುವುದಿಲ್ಲ, ಏಕೆಂದರೆ ಇದರಲ್ಲಿ ಗೆದ್ದವಳು ನನ್ನ ಹೆಂಡತಿ.

ಎರಡನೆಯ ಮಹಾಯುದ್ಧದ ಕಾಲ. ನಾನು ಶ್ರೀನಿವಾಸಪುರದ ಗಂಡುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಕನ್ನಡದ ಮೇಷ್ಟ್ರು. ಹೆಣ್ಣುಮಕ್ಕಳ ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಒಂದು ಹಳೆಯ ಛತ್ರದ ಉದ್ದನೆಯ ಹಜಾರವನ್ನು ಬಿದಿರಿನ ತಡಿಕೆಯಿಂದ ಎರಡು ಮಾಡಿ, ಈಚೆ ಕಡೆ ನಮ್ಮ ಹುಡುಗರ ಒಂದು ತರಗತಿಯನ್ನೂ ಆಚೆ ಕಡೆ ಹುಡುಗಿಯರ ಮೇಲಿನ ತರಗತಿಯನ್ನೂ ಕೂರಿಸಿದ್ದರು. ತಡಿಕೆಗೆ ಕಣ್ಣು ಮರೆಮಾಡುವ ಶಕ್ತಿ ಇತ್ತು, ಕಿವಿ ಮರೆಮಾಡುವ ಶಕ್ತಿ ಇರಲಿಲ್ಲ. ನಾವು ಮಗ್ಗಿ ಹೇಳಿದರೆ ಅವರ ಪದ್ಯ ಕೆಡುತ್ತಿತ್ತು, ಅವರು ಪದ್ಯ ಹೇಳಿದರೆ ನಮ್ಮ ಮಗ್ಗಿ ರಾಗವಾಗುತ್ತಿತ್ತು.

ಆಚೆ ಕಡೆ ಪಾಠ ಹೇಳುತ್ತಿದ್ದವಳು ನನ್ನ ಹೆಂಡತಿ. ಮಾಲೂರಿನವಳು. ಮದುವೆಯಾಗುವ ಹೊತ್ತಿಗೆ ಅವಳ ಓದು ನಿಂತಿತ್ತು. ಮದುವೆಯಾದ ಮೇಲೆ, ಎರಡು ಮಕ್ಕಳನ್ನು ಹೆತ್ತು, ಒಲೆಯ ಮುಂದೆ ಪುಸ್ತಕ ಇಟ್ಟುಕೊಂಡು ಓದಿ ಪರೀಕ್ಷೆ ಪಾಸು ಮಾಡಿದಳು. ಆ ಶಾಲೆಯ ಒಬ್ಬ ಟೀಚರು ವರ್ಗವಾಗಿ ಹೋದಾಗ ಇವಳನ್ನು ಹಂಗಾಮಿಯಾಗಿ ತೆಗೆದುಕೊಂಡರು. ಹಂಗಾಮಿ ಎಂದರೆ ಯಾವಾಗ ಬೇಕಾದರೂ ಮನೆಗೆ ಹೋಗಿ ಎನ್ನಬಹುದಾದ ಕೆಲಸ. ಕೋಲಾರದಲ್ಲಿ ತರಬೇತಿ ಮುಗಿಸಿದ ಇನ್ನೊಬ್ಬಾಕೆ ಅದೇ ಜಾಗಕ್ಕೆ ಅರ್ಜಿ ಹಾಕಿದ್ದಾರೆಂದು ಸುದ್ದಿ ಬಂತು. ಬೆಂಗಳೂರಿನಿಂದ ಶಾಲೆಗಳ ತನಿಖೆ ಮಾಡುವ ಇನ್ಸ್‌ಪೆಕ್ಟ್ರೆಸಮ್ಮನವರು ಬಂದು ಇವಳ ಪಾಠ ನೋಡುತ್ತಾರೆ. ಪಾಠ ಹಿಡಿಸಿದರೆ ಖಾಯಂ, ಇಲ್ಲದಿದ್ದರೆ ಆ ಜಾಗ ತರಬೇತಿಯಾದವರಿಗೆ.

ಅವಳು ಸುದ್ದಿ ಕೇಳಿ, "ಬರ್ಲಿ ಬಿಡಿ, ಪಾಠ ತಾನೇ, ದಿನಾ ಮಾಡೋದೇ" ಎಂದು ರಾಗಿ ಬೀಸಲು ಕುಳಿತಳು. ನನಗೆ ಊಟ ಸೇರಲಿಲ್ಲ.

"ಲೇ, ನಿನಗೆ ಗೊತ್ತಿಲ್ಲ ಕಣೇ, ಅವರು ಬಹಳ ಬಿಗಿ ಅಂತೆ" ಎಂದೆ.

"ನಾನೇನು ಸಡಿಲವೇ?" ಎಂದಳು.

ಕನ್ನಡದ ಮೇಷ್ಟ್ರಾಗಿ ಇಷ್ಟು ವರ್ಷ ಸೀಮೆಸುಣ್ಣ ತಿಂದ ಗಂಡ ಮನೆಯಲ್ಲಿರುವಾಗ ಅವಳು ಸಿದ್ಧತೆಯಿಲ್ಲದೆ ಹೋಗುವುದೆಂದರೇನು? ಪಠ್ಯಪುಸ್ತಕದಿಂದ ಒಂದು ಪದ್ಯ ಆರಿಸಿದೆ. ಪದಗಳ ಅರ್ಥ, ಅನ್ವಯ, ಭಾವಾರ್ಥ, ಕೊನೆಗೆ ನೀತಿ, ಎಲ್ಲ ಬರೆದುಕೊಟ್ಟೆ. ಆ ಕಾಲದಲ್ಲಿ ನಮ್ಮ ಕಡೆ ಪದ್ಯವೆಂದರೆ ಅದಕ್ಕೊಂದು ನೀತಿ ಇರಲೇಬೇಕು. ನೀತಿ ಸಿಕ್ಕದಿದ್ದರೆ ಪದ್ಯವನ್ನು ಬುಡಮೇಲು ಮಾಡಿ ಕೊಡವಿಯಾದರೂ ಉದುರಿಸುತ್ತಿದ್ದೆವು. ನಮ್ಮ ಗುರುಗಳು ನಮಗೆ ಹಾಗೆ ಕಲಿಸಿದ್ದರು, ನಾವು ಹುಡುಗರಿಗೆ ಹಾಗೇ ಕಲಿಸುತ್ತಿದ್ದೆವು. ಅವಳು ನನ್ನ ಬರಹವನ್ನು ಓದಿ, "ಚೆನ್ನಾಗಿದೆ, ಆದ್ರೆ ಇದರಲ್ಲಿ ಮಕ್ಕಳಿಗೆ ಕೆಲಸವೇ ಇಲ್ಲವಲ್ಲ" ಎಂದಳು.

ಇನ್ಸ್‌ಪೆಕ್ಟ್ರೆಸಮ್ಮನವರು ಬಂದ ಬೆಳಗ್ಗೆ ನನ್ನ ತಯಾರಿಯೆಲ್ಲ ನೀರುಪಾಲಾಯಿತು. ಅವರು ಪಠ್ಯಪುಸ್ತಕ ಮುಚ್ಚಿಟ್ಟುಬಿಟ್ಟರಂತೆ. "ಬಾಯಿಪಾಠ ಮಾಡಿಸಿದ್ದು ಕೇಳೋಕೆ ನಾನು ಇಷ್ಟು ದೂರ ಬರಲಿಲ್ಲ. ಮಕ್ಕಳೂ ನೀವೂ ನೋಡದ ಪದ್ಯ ತಂದಿದ್ದೇನೆ. ಹಲಗೆಯ ಮೇಲೆ ಬರೆದುಕೊಳ್ಳಿ" ಎನ್ನುವುದು ತಡಿಕೆಯ ಮೂಲಕ ನನಗೇ ಕೇಳಿಸಿತು. ನನ್ನ ಹುಡುಗರಿಗೆ ಲೆಕ್ಕ ಕೊಟ್ಟು, ತಡಿಕೆಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡೆ. ಆ ದಿನ ನನ್ನ ತರಗತಿ ಎಂದೂ ಇಲ್ಲದಷ್ಟು ಮೌನವಾಗಿತ್ತು. ಹುಡುಗರೆಲ್ಲ ಸ್ಲೇಟಿನ ಮೇಲೆ ಬಾಗಿ ಕಿವಿಯನ್ನು ಆಚೆ ಕಡೆಗೆ ಇಟ್ಟಿದ್ದರು.

ಅವಳು ಬರೆದುಕೊಳ್ಳುತ್ತ ಗಟ್ಟಿಯಾಗಿ ಓದಿದಳು. ಪದ್ಯಕ್ಕೆ ಹೆಸರಿರಲಿಲ್ಲ, ಹೆಸರನ್ನು ಬೇಕೆಂದೇ ಬಿಟ್ಟಿದ್ದರು. ನಾನು ಕೇಳಿದಂತೆ ಬರೆದುಕೊಂಡೆ. ಇವತ್ತಿಗೂ ಬಾಯಲ್ಲಿದೆ.

ದಾರಿಯ ಬದಿಯಲಿ ಕುಳಿತಿಹೆ ಕಲ್ಲೇ,
ಬಿಳಿಯದು ರುಮಾಲು, ಎದೆಯಲಿ ಅಂಕಿ;
ಸಾಲಿನ ಮರಗಳ ನೆರಳಿನ ಕೆಳಗೆ
ದೊರೆಯೊಲು ಮೆರೆಯುವೆ, ಏನಿದು ಬಿಂಕ.

ಎತ್ತಿನ ಗಾಡಿಯ ಧೂಳಲಿ ಮಿಂದೆ,
ಕಾಗೆಯು ಕುಳಿತರೆ ಕಿರೀಟವೆಂದೆ;
ಮೈಯನು ತಿಕ್ಕುವ ಮೇಕೆಯ ಕಂಡು
ಮಂತ್ರಿಯೆ ಬಂದನು ಎನ್ನುತ ನಿಂದೆ.

ಊರೆಷ್ಟೆನ್ನಲು ದೂರವ ಸಾರುವೆ,
ಹೆಜ್ಜೆಯನೊಂದನು ಇಟ್ಟವನಲ್ಲ;
ಹೋಗುವ ಜನರಿಗೆ ಬುದ್ಧಿಯ ಹೇಳುವ
ಕೂತವ ನೀನೇ, ಬೇರಾರಿಲ್ಲ.

ಕತ್ತಲೆ ಕವಿದಿದೆ, ಕಾಲಿದು ಸೋತಿದೆ,
ಬೆರಳಲಿ ತಡವಿದೆ ನಿನ್ನೆದೆ ಬರಹ;
ಬಿಸಿಲಿನ ಬಿಸುಪಿದೆ ಇನ್ನೂ ಮೈಯಲಿ,
ಒರಗುವೆ, ಅಣ್ಣಾ, ಊರಿದೆ ಸನಿಹ.

ಕೇಳಿದ ಕೂಡಲೇ ನನಗೆ ನೀತಿ ಸಿಕ್ಕಿತು. ಮೂರನೆಯ ಪದ್ಯದಲ್ಲಿ ಎದ್ದು ಕಾಣುತ್ತಿತ್ತಲ್ಲ. ಒಂದು ಚೀಟಿ ಹರಿದು, "ತಾನು ನಡೆಯದೆ ಇತರರಿಗೆ ಉಪದೇಶ ಮಾಡುವ ಸೋಮಾರಿಗಳನ್ನು ಕವಿ ಖಂಡಿಸುತ್ತಾನೆ" ಎಂದು ದುಂಡಗೆ ಬರೆದು, ತಡಿಕೆಯ ಕೆಳಗಿನ ಸಂದಿಯಿಂದ ಆಚೆಗೆ ತಳ್ಳಿದೆ. ಅವಳು ಬಗ್ಗಿ ಅದನ್ನು ಎತ್ತಿಕೊಂಡದ್ದು ಬಳೆಯ ಸದ್ದಿನಿಂದ ಗೊತ್ತಾಯಿತು. ಸದ್ಯ, ಕೈಸೇರಿತು ಎಂದುಕೊಂಡೆ. ಅದರ ಮೇಲೆ ಡಸ್ಟರನ್ನು ಇಟ್ಟು ಪಾಠಕ್ಕೆ ನಿಂತಳೆಂದು ಆಮೇಲೆ ತಿಳಿಯಿತು.

ಅವಳು ಅರ್ಥ ಹೇಳಲೇ ಇಲ್ಲ. "ಮೊದಲನೇದನ್ನ ಯಾರು ಹೇಳ್ತೀರಿ? ಪದ್ಯದ ಮಾತು ಎರವಲು ತರಬಾರದು. ನಿಮ್ಮ ಮಾತಲ್ಲೇ ಹೇಳಬೇಕು" ಎಂದಳು.

ಗೌನಿಪಲ್ಲಿಯ ಕಡೆಯ ಒಬ್ಬ ಹುಡುಗಿ, ಸೋದರತ್ತೆಯ ಮನೆಯಲ್ಲಿದ್ದು ಓದುತ್ತಿದ್ದವಳು, ಎದ್ದಳು. "ದಾರಿಯ ಬದಿಯಲ್ಲಿ ಕಲ್ಲು ಕುಳಿತಿದೆ. ಬಿಳಿಯ ರುಮಾಲು ಇದೆ. ಎದೆಯಲ್ಲಿ ಅಂಕಿ ಇದೆ."

"ಸಾಲು ಮುರಿದೆ ಅಷ್ಟೆ, ಪದ್ಯ ಹಾಗೇ ಉಳೀತು. ಮನೇಲಿ ನಿಮ್ಮಜ್ಜಿಗೆ ಹೇಳೋ ಹಾಗೆ ಹೇಳು ನೋಡೋಣ."

"ಅಜ್ಜಿಗೆ ತೆಲುಗೇ ಬರೋದು ಅಮ್ಮಾವ್ರೇ."

"ಹಂಗಾದ್ರೆ ಮನಸ್ಸಲ್ಲೇ ತೆಲುಗಲ್ಲಿ ಹೇಳ್ಕೊ, ಆಮೇಲೆ ಕನ್ನಡಕ್ಕೆ ತಾ."

ಕನ್ನಡದ ಪಾಠಕ್ಕೆ ಇನ್ಸ್‌ಪೆಕ್ಟ್ರೆಸಮ್ಮನವರ ಎದುರಿಗೇ ತೆಲುಗನ್ನು ಕರೆದು ಮಣೆ ಹಾಕಿದಳಲ್ಲ ಎಂದು ನಾನು ಇಲ್ಲಿ ಕಣ್ಣು ಮುಚ್ಚಿದೆ. ಹುಡುಗಿ ಏನೋ ಗೊಣಗಿಕೊಂಡು, ಆಮೇಲೆ ಸರಾಗವಾಗಿ ಹೇಳಿದಳು. "ರಸ್ತೆ ಪಕ್ಕ ಮೈಲಿಗಲ್ಲದೆ. ತಲೆಗೆ ಸುಣ್ಣ ಬಳಿದವ್ರೆ, ಪೇಟ ಸುತ್ಕೊಂಡಂಗದೆ. ಎಷ್ಟು ಮೈಲಿ ಅಂತ ಬರೆದವ್ರೆ. ಅದು ರಾಜನ ಥರ ಕೂತದೆ. ಯಾಕಪ್ಪ ನಿಂಗೆ ಇಷ್ಟು ಜಂಬ ಅಂತ ಒಬ್ಬರು ಕೇಳ್ತಾವ್ರೆ."

"ಮೈಲಿಗಲ್ಲು ಅನ್ನೋ ಮಾತು ಪದ್ಯದಲ್ಲಿ ಎಲ್ಲೂ ಇಲ್ಲವಲ್ಲ?" ಇದು ಇನ್ಸ್‌ಪೆಕ್ಟ್ರೆಸಮ್ಮನವರ ದನಿ.

"ಎದೇಲಿ ಅಂಕಿ ಅದಲ್ಲಮ್ಮ. ಮೂರನೇದ್ರಾಗೆ ಊರೆಷ್ಟು ದೂರ ಅಂತಾನೂ ಹೇಳ್ತದೆ. ಇನ್ನೇನಿರ್ತದೆ?"

ಎರಡನೆಯದನ್ನು ಇನ್ನೊಬ್ಬಳು ಹೇಳಿದಳು: ಗಾಡಿ ಹೋದರೆ ಮೈಮೇಲೆ ಧೂಳು ಬೀಳುತ್ತದೆ, ಅದನ್ನೇ ಸ್ನಾನ ಎಂದುಕೊಳ್ಳುತ್ತದೆ. ಕಾಗೆ ಕೂತರೆ ಕಿರೀಟ, ಮೇಕೆ ಮೈ ಉಜ್ಜಿಕೊಂಡರೆ ಮಂತ್ರಿ. ಹುಡುಗಿಯರು ನಕ್ಕರು. ತಡಿಕೆಯ ಈಚೆ ನನ್ನ ಹುಡುಗರೂ ನಕ್ಕರು. ನಾನು ಬೆತ್ತ ಎತ್ತಿದೆ, ಬೀಸಲು ಮಾತ್ರ ಕೈ ಬರಲಿಲ್ಲ. ನಾನೂ ನಗುತ್ತಿದ್ದೆ.

ಮೂರನೆಯದೂ ನಾಲ್ಕನೆಯದೂ ಹೀಗೇ ಮುಗಿದವು. ಆಮೇಲೆ ಅವಳು ಹಲಗೆಯ ಮೇಲೆ ಕಣ್ಣು, ಕಿವಿ, ಕೈ ಎಂದು ಮೂರು ಮನೆ ಗೀಚಿದಳು. "ಕವಿ ಚಿತ್ರ ಬರೆದಿದಾನೆ, ಬಣ್ಣದಲ್ಲಲ್ಲ, ಮಾತಲ್ಲಿ. ಯಾವ ಚಿತ್ರ ಕಣ್ಣಿಗೆ ಕಾಣತ್ತೆ, ಯಾವುದು ಕಿವಿಗೆ ಕೇಳತ್ತೆ, ಯಾವುದು ಕೈಗೆ ಸಿಕ್ಕತ್ತೆ, ಹುಡುಕಿ."

ಬಿಳಿಯ ರುಮಾಲು ಕಣ್ಣಿನ ಮನೆಗೆ ಹೋಯಿತು. ಮರದ ನೆರಳು, ಕಾಗೆಯ ಕಿರೀಟ, ಧೂಳು ಎಲ್ಲ ಕಣ್ಣಿಗೇ. ಸಾರುವೆ ಎಂದಿದ್ದರೂ ಕಲ್ಲು ಬಾಯಿ ಬಿಟ್ಟಿಲ್ಲ, ಬರೆದದ್ದನ್ನು ಓದುವುದೂ ಕಣ್ಣೇ ಎಂದು ಕಿವಿಯ ಮನೆಯನ್ನು ಖಾಲಿ ಬಿಟ್ಟರು. ಮೇಕೆಯ ಬಗ್ಗೆ ಜಗಳವಾಯಿತು. ಮೈ ತಿಕ್ಕಿತಲ್ಲ, ಕೈಯ ಮನೆಗೆ ಹಾಕಿ ಎಂದಳೊಬ್ಬಳು. ಆಗ ಬಳೆ ವ್ಯಾಪಾರದವರ ಮಗಳು, ಮನೆಯಲ್ಲಿ ದಖನಿ ಉರ್ದು ಮಾತಾಡುವವಳು, ಸಾವಕಾಶವಾಗಿ ಹೇಳಿದಳು. "ತಿಕ್ಕಿದ್ದು ಮೇಕೆ, ಅಮ್ಮಾವ್ರೆ. ಕವಿ ದೂರ ನಿಂತ್ಕೊಂಡು ನೋಡಿದ್ರು ಅಷ್ಟೆ. ಅದೂ ಕಣ್ಣಿಗೇ ಹಾಕ್ಬೇಕು."

"ಹಾಗಾದ್ರೆ ಕೈಗೆ ಏನು ಉಳೀತು?"

"ನಾಲ್ಕನೇದು ಪೂರಾ. ಅಲ್ಲಿ ಕತ್ತಲೆ, ಕಣ್ಣಿಗೆ ಏನೂ ಕಾಣಲ್ಲ. ಬೆರಳಲ್ಲಿ ತಡವ್ತಾರೆ. ಕಲ್ಲು ಇನ್ನೂ ಬಿಸಿ ಅದೆ. ಒರಗ್ಕೊಳ್ತಾರೆ."

ನಾನು ಬರೆದಿಟ್ಟುಕೊಂಡಿದ್ದ ಪದ್ಯವನ್ನು ನೋಡಿದೆ. ಹೌದು, ಮೂರು ಪದ್ಯ ಕಣ್ಣಿಗೆ, ಒಂದು ಕೈಗೆ. ನನ್ನ ಎದುರಿಗೇ ಇತ್ತು. ನೀತಿ ಹುಡುಕುವ ಅವಸರದಲ್ಲಿ ನಾನು ನಾಲ್ಕನೆಯ ಪದ್ಯವನ್ನು ಮುಗಿಸುವ ಮಂಗಳದಂತೆ ಓದಿ ಬಿಟ್ಟಿದ್ದೆ.

ಅಷ್ಟರಲ್ಲಿ ಇನ್ಸ್‌ಪೆಕ್ಟ್ರೆಸಮ್ಮನವರು ಕೇಳಿದರು. "ಸರಿ. ಈಗ ಮುಖ್ಯವಾದದ್ದು. ಕವಿಯ ಮನೋಭಾವವೇನು? ತಾವು ನಡೆಯದೆ ಬೇರೆಯವರಿಗೆ ಬುದ್ಧಿ ಹೇಳುವ ಸೋಮಾರಿಗಳನ್ನ ಖಂಡಿಸುತ್ತಾನೆ, ಅಲ್ಲವೆ?"

ನನ್ನ ಚೀಟಿಯ ಮಾತು, ಹೆಚ್ಚು ಕಡಿಮೆ ಅಕ್ಷರಶಃ. ಒಂದು ಕ್ಷಣ ನನ್ನ ಎದೆ ಉಬ್ಬಿತು. ಬೆಂಗಳೂರಿನವರಿಗೂ ಶ್ರೀನಿವಾಸಪುರದವನಿಗೂ ಒಂದೇ ಹೊಳೆದಿದೆ. ಇನ್ನು ಅವಳು ಹೌದು ಎಂದುಬಿಟ್ಟರೆ ಕೆಲಸ ಖಾಯಂ. ಅನ್ನು, ಹೌದು ಅನ್ನು ಎಂದು ನಾನು ತಡಿಕೆಯನ್ನು ದಿಟ್ಟಿಸಿದೆ. ಬಿದಿರಿಗೆ ಬಾಯಿದ್ದಿದ್ದರೆ ಅದೇ ಅಂದುಬಿಡುತ್ತಿತ್ತು.

ಆಚೆ ಕಡೆಯಿಂದ ಅವಳ ಮಾತು ಕೇಳಿಸಿತು. "ಇರಬಹುದು ಅಮ್ಮ. ಪದ್ಯ ಅದಕ್ಕೆ ಒಪ್ಪುತ್ತೋ ಇಲ್ಲವೋ ಮಕ್ಕಳು ನೋಡಲಿ. ಯಾವ ಸಾಲು ಹಾಗೆ ಹೇಳತ್ತೆ, ತೋರಿಸ್ರೇ."

ನಾನು ಕುರ್ಚಿಯ ತೋಳು ಹಿಡಿದುಕೊಂಡೆ. ಕೋಲಾರದ ಆ ತರಬೇತಿಯಾದಾಕೆ ಆಗಲೇ ಪೆಟ್ಟಿಗೆ ಕಟ್ಟಿಕೊಂಡು ಇತ್ತ ಹೊರಟಂತೆ ಕಣ್ಣಿಗೆ ಕಟ್ಟಿತು.

ಹುಡುಗಿಯರು ಮೂರನೆಯ ಪದ್ಯ ತೋರಿಸಿದರು. ಹೆಜ್ಜೆ ಇಟ್ಟವನಲ್ಲ, ಬುದ್ಧಿ ಹೇಳುವವನು, ಕೂತವನು. "ಸರಿಯಾಗಿದೆ. ಇದು ಗೇಲಿಯೇ, ಇಲ್ಲ ಅನ್ನೋ ಹಾಗಿಲ್ಲ" ಎಂದಳು ಅವಳು. "ಈಗ ಇನ್ನೊಂದು ನೋಡಿ. ಮೊದಲನೇ ಸಾಲಲ್ಲಿ ಅವನನ್ನ ಏನಂತ ಕರೀತಾರೆ?"

"ಕಲ್ಲೇ ಅಂತ."

"ಕೊನೇ ಸಾಲಲ್ಲಿ?"

"ಅಣ್ಣಾ ಅಂತ."

"ಅಣ್ಣ ಅನ್ನೋರು ಬೈತಾ ಇದಾರಾ ಹಂಗಾದ್ರೆ?"

ಗೌನಿಪಲ್ಲಿಯವಳು ಬಿಡಲಿಲ್ಲ. "ನಮ್ಮ ಕಡೆ ಬೈಯುವಾಗಲೂ ಅಣ್ಣಾ ಅಂತಾರೆ ಅಮ್ಮಾವ್ರೇ. ಏನಣ್ಣಾ, ಕೆಲಸ ಆಯ್ತಾ, ಅಂತ ಮೂತಿ ತಿರುವಿ ಅಂತಾರೆ."

ತರಗತಿ ನಕ್ಕಿತು. ಇವಳೂ ನಕ್ಕಳೆಂದು ಕಾಣುತ್ತದೆ. "ಅಂತಾರೆ, ನಾನೂ ಅಂದಿದೀನಿ. ಒಂದು ಮಾತನ್ನೇ ಕಿತ್ತು ನೋಡಿದ್ರೆ ದನಿ ಗೊತ್ತಾಗಲ್ಲ. ಅಕ್ಕಪಕ್ಕ ಏನಿದೆ ನೋಡಿ. ಮೂತಿ ತಿರುವಿದ ಗುರುತು ಇದೆಯಾ?"

ಅದೇ ಗೌನಿಪಲ್ಲಿಯವಳು ತನ್ನ ವಾದವನ್ನು ತಾನೇ ಕೆಡವಿದಳು. "ಇಲ್ಲ. ಮೂತಿ ತಿರುವೋರು ಒರಗಲ್ಲ. ಅಲ್ದೆ ಹಿಂದಿನ ಮೂರರಾಗೂ ಬರೀ ನೀನು, ನೀನು ಅಂತದೆ. ಇಲ್ಲಿ ಬಂದ್ಮೇಲೆ ತಮ್ಮ ಕಾಲು ಸೋತಿದೆ ಅಂತ ಒಪ್ಕೊಂಡವ್ರೆ."

"ಮೊದ್ಲು ಗೇಲಿ. ಆಮೇಲೆ ಪ್ರೀತಿ" ಎಂದಳು ಬಳೆಯವರ ಮಗಳು. "ಉಪಕಾರ ಮಾಡಿದೋನ ಮೇಲೆ ಇರ್ತದಲ್ಲ, ಹಂಗೆ."

ಇನ್ಸ್‌ಪೆಕ್ಟ್ರೆಸಮ್ಮನವರು ಅಷ್ಟು ಸುಲಭವಾಗಿ ಬಿಡುವವರಲ್ಲ. ಈ ಸಲ ಮಕ್ಕಳನ್ನು ಬಿಟ್ಟು ಇವಳನ್ನೇ ಕೇಳಿದರು. "ಹಾಗಾದರೆ ಮೂರನೆಯ ಪದ್ಯವನ್ನ ಏನು ಮಾಡ್ತೀರಿ? ಅಳಿಸಿಬಿಡ್ತೀರಾ?"

ಅದಕ್ಕೆ ಅವಳು ಕೊಟ್ಟ ಉತ್ತರವನ್ನು ನನ್ನ ಮಗನಿಗೆ, ಮಗಳಿಗೆ, ನನ್ನ ಪ್ರತಿಯೊಂದು ತರಗತಿಗೆ ಹೇಳಿದ್ದೇನೆ.

"ಅಳಿಸೋದು ಬೇಡ ಅಮ್ಮ" ಎಂದಳು ಇವಳು. "ಕೂತವನು ಅಂತ ಗೇಲಿ ಮಾಡಿದ್ದು ನಿಜ. ಆದರೆ ಕಲ್ಲು ಕೂತ ಜಾಗದಲ್ಲೇ ಕೂತಿದ್ದರಿಂದ ತಾನೇ ಕತ್ತಲೆಯಲ್ಲಿ ಇವರ ಬೆರಳಿಗೆ ಸಿಕ್ಕಿದ್ದು? ಎದ್ದು ನಡೆದುಹೋಗಿದ್ದಿದ್ದರೆ ಊರು ಹತ್ತಿರ ಇದೆ ಅಂತ ಹೇಳೋರು ಯಾರು? ಹಗಲಲ್ಲಿ ಯಾವುದಕ್ಕೆ ನಕ್ಕರೋ ಕತ್ತಲಲ್ಲಿ ಅದಕ್ಕೇ ಒರಗಿದಾರೆ. ಮೂರನೇದು ಇಲ್ಲದಿದ್ದರೆ ನಾಲ್ಕನೇದಕ್ಕೆ ಇಷ್ಟು ಬೆಲೆ ಬರ್ತಿರಲಿಲ್ಲ."

ನಾನು ಎದ್ದು ನಿಂತಿದ್ದೆ. ಯಾಕೆ ನಿಂತೆನೋ ಗೊತ್ತಿಲ್ಲ. ನನ್ನ ಹುಡುಗರು ಮೇಷ್ಟ್ರು ಎದ್ದರೆಂದು ತಾವೂ ಎದ್ದರು. ತಡಿಕೆಯ ಈಚೆ ಇಡೀ ತರಗತಿ ಯಾರಿಗೂ ಕಾಣದ ಹಾಗೆ ಗೌರವ ಸಲ್ಲಿಸಿತು ಎಂದು ಈಗ ಹೇಳಿಕೊಳ್ಳಬಹುದು. ಆಗ ಬೆಂಚು ಎಳೆದ ಸದ್ದಿಗೆ ಹೆದರಿ "ಕೂತ್ಕೊಳ್ರೋ" ಎಂದು ಪಿಸುಗುಟ್ಟಿದೆ.

ಇನ್ಸ್‌ಪೆಕ್ಟ್ರೆಸಮ್ಮನವರು ಕಾಗದ ಮಡಿಸಿದ ಸದ್ದು ಬಂತು. "ಈ ಪದ್ಯವನ್ನ ಬೇರೆ ಶಾಲೆಗಳಲ್ಲೂ ಕೊಟ್ಟಿದ್ದೇನೆ" ಎಂದರು. "ಎಲ್ಲ ಕಡೆ ಅದೇ ನೀತಿ ಬರುತ್ತಿತ್ತು. ನಾನೂ ಅದನ್ನೇ ಇಟ್ಟುಕೊಂಡುಬಿಟ್ಟಿದ್ದೆ ಅಂತ ಕಾಣತ್ತೆ. ಮಕ್ಕಳು ಚೆನ್ನಾಗಿ ಓದಿದ್ದಾರೆ. ತೆಲುಗು ಮಾತ್ರ ಸ್ವಲ್ಪ ಕಡಿಮೆ ಇರಲಿ."

"ಆಗಲಿ ಅಮ್ಮ" ಎಂದಳು ಇವಳು. ಮಾರನೆಯ ದಿನ ಕಡಿಮೆಯೇನೂ ಆಗಲಿಲ್ಲ.

ಸಂಜೆ ಮನೆಗೆ ಬರುತ್ತ ನಾನು ಸುಮ್ಮನಿರಲಾರದೆ ಕೇಳಿದೆ. "ಅಲ್ವೇ, ಅವರು ಬಾಯಿ ಬಿಟ್ಟು ಹೇಳಿಕೊಟ್ರು. ಹೌದು ಅಂದಿದ್ರೆ ಮುಗೀತಿತ್ತು. ಹೆದರಿಕೆ ಆಗ್ಲಿಲ್ವೆ ನಿನಗೆ?"

"ಆಯ್ತು. ಆದ್ರೆ ಆ ಬಳೆಯವರ ಹುಡುಗಿ ಆಗಲೇ ಕೈ ಅಂತ ಹುಡುಕಿಬಿಟ್ಟಿದ್ಲಲ್ಲ. ಅವಳು ಕಂಡಿದ್ದನ್ನ ನಾನು ಹೆಂಗೆ ಇಲ್ಲ ಅನ್ಲಿ?" ಎಂದಳು. ಆಮೇಲೆ, "ನಿಮ್ಮ ಚೀಟಿ ತಪ್ಪೇನಲ್ಲ, ಮೂರು ಪದ್ಯದವರೆಗೂ ಸರಿಯಾಗಿತ್ತು" ಎಂದಳು. ಸಮಾಧಾನ ಹೇಳುವಾಗಲೂ ಅವಳು ಅಂಕ ಕತ್ತರಿಸಿಯೇ ಕೊಡುವವಳು.

ಇಲಾಖೆಯ ಹುಕುಂ ಬರುವವರೆಗೆ ನಾನು ಹೇಗಿದ್ದೆ ಎಂದು ಬರೆಯುವುದಿಲ್ಲ. ಟಪಾಲಿನವನು ನನ್ನನ್ನು ಕಂಡರೆ ದಾರಿ ಬದಲಿಸುವಷ್ಟಾಗಿತ್ತು. ಇನ್ಸ್‌ಪೆಕ್ಟ್ರೆಸಮ್ಮನವರು ಬೆಂಗಳೂರಿಗೆ ಹೋಗಿ ಮತ್ತೊಮ್ಮೆ ಯೋಚಿಸಿದರೇನು ಗತಿ, ತೆಲುಗಿನ ವಿಷಯ ಬರೆದುಬಿಟ್ಟರೇನು ಗತಿ ಎಂದು ಕೇಳುವುದೇ ನನ್ನ ಕೆಲಸ. "ಅದನ್ನ ಅವರ ಹತ್ರಾನೇ ಹೋಗಿ ಕೇಳಿ, ನನಗೆ ಸಾರಿಗೆ ಒಗ್ಗರಣೆ ಹಾಕ್ಬೇಕು" ಎನ್ನುವುದು ಅವಳ ಉತ್ತರ.

ಕೊನೆಗೆ ಹುಕುಂ ಬಂತು. ಅವಳನ್ನು ಖಾಯಂ ಮಾಡಿದ್ದರು. ಅವಳು ಓದಿ, ಮಡಿಸಿ, ದೇವರ ಮುಂದಿಟ್ಟು ಒಳಗೆ ಹೋದಳು. ನನಗೆ ಕಾಲು ನಿಲ್ಲಲಿಲ್ಲ. ಸಕ್ಕರೆ ತರುವ ನೆಪದಲ್ಲಿ ಪೇಟೆಗೆ ಹೊರಟು, ಎದುರು ಸಿಕ್ಕವರಿಗೆಲ್ಲ ಹೇಳಿಕೊಂಡು ಹೋದೆ. ಅಂಗಡಿಯ ಸಾಹೇಬರು, ನಮ್ಮ ತಂದೆಯ ಕಾಲದಿಂದ ಪರಿಚಯದವರು, ತಕ್ಕಡಿ ಕೆಳಗಿಟ್ಟು, "ಭಾಳ ಖುಷಿ ಆಯ್ತು ಮೇಷ್ಟ್ರೆ. ಅಂಥಾದ್ದೇನು ಪಾಠ ಮಾಡಿದ್ರು ನಮ್ಮ ತಂಗಿ?" ಎಂದು ಕೇಳಿದರು.

ಕೇಳಬಾರದಿತ್ತು. ನಾನು ಬೆಲ್ಲದ ಮೂಟೆಯ ಪಕ್ಕ ನಿಂತು ಪದ್ಯ ಪೂರ್ತಿ ಹೇಳಿದೆ. ಒಂದೊಂದನ್ನೂ ಆಡುಮಾತಿನಲ್ಲಿ ಬಿಡಿಸಿದೆ. ಯಾವುದು ಕಣ್ಣಿಗೆ, ಯಾವುದು ಕೈಗೆ ಎಂದು ತೋರಿಸಿದೆ. ಕಲ್ಲೇ ಎಂದವನು ಅಣ್ಣಾ ಎಂದದ್ದು ಯಾಕೆ, ಗೇಲಿ ಎಲ್ಲಿ ಮುಗಿದು ಪ್ರೀತಿ ಎಲ್ಲಿ ಶುರುವಾಯಿತು, ಎಲ್ಲ ಹೇಳಿದೆ. ಸಕ್ಕರೆಗೆ ಬಂದಿದ್ದ ಇನ್ನಿಬ್ಬರೂ ನಿಂತು ಕೇಳಿದರು. ಸಾಹೇಬರು ಗಡ್ಡ ಸವರಿಕೊಳ್ಳುತ್ತ ಕೊನೆಯ ಸಾಲನ್ನು ಇನ್ನೊಂದು ಸಲ ಹೇಳಿಸಿದರು.

"ವಾಹ್. ಎಷ್ಟು ಬಿಡಿಸಿ ಹೇಳ್ತೀರಿ ಸ್ವಾಮಿ" ಎಂದರು. "ನೀವು ಎಲ್ಲಿ ಕಲಿತಿದ್ದು, ಮೈಸೂರಲ್ಲಾ?"

"ಇಲ್ಲ ಸಾಹೇಬರೆ" ಎಂದೆ. "ನಮ್ಮ ಮನೇಲೇ."

ಹೇಳುವಾಗ ನನ್ನ ದನಿ ಸ್ವಲ್ಪ ಗಟ್ಟಿಯಾಗಿಯೇ ಇತ್ತು. ಆಚೆ ಅಂಗಡಿಯವರಿಗೂ ಕೇಳಿಸಲಿ ಅಂತಲೇ.